ಏಣಿಯ ಉದ್ದ: ಒರಗುವ ಕೋನದ ಲೆಕ್ಕ

ಕಡಬ ತಾಲೂಕಿನ ನೆಲ್ಯಾಡಿ ಕಡೆಯ ಅಡಿಕೆ ತೋಟಗಳಲ್ಲಿ ಕರಿಮೆಣಸಿನ ಬಳ್ಳಿ ಮರವನ್ನೇ ಹಿಡಿದು ಏರುತ್ತದೆ. ಅದನ್ನು ಕೊಯ್ಯಲು ಏಣಿ ಬೇಕು. ಒರಗಿಸುವ ಏಣಿಗೆ ಸುಮಾರು 75 ಡಿಗ್ರಿ ಓರೆ ಸುರಕ್ಷಿತ. ಕೋನಮಾಪಕ ಬೇಕಿಲ್ಲ: ಏಣಿ ಮರಕ್ಕೆ ತಾಗುವ ಎತ್ತರದ ಕಾಲುಭಾಗದಷ್ಟು ದೂರದಲ್ಲಿ ಬುಡ ಇಟ್ಟರೆ ಆ ಓರೆ ಬರುತ್ತದೆ. 20 ಅಡಿ ಎತ್ತರಕ್ಕೆ ಬುಡ 5 ಅಡಿ ಆಚೆ. ಎರಡರ ವರ್ಗಗಳನ್ನು ಕೂಡಿದರೆ 425. ಅದರ ವರ್ಗಮೂಲ 20.6 ಅಡಿಯೇ ಏಣಿಯ ಉದ್ದ. ಅಂದರೆ ಎತ್ತರಕ್ಕಿಂತ ಶೇಕಡಾ 3ರಷ್ಟು ಮಾತ್ರ ಹೆಚ್ಚು.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಲೆಕ್ಕವೇಕೆ ಎಂಬ ಪ್ರಶ್ನೆ ಸಹಜ. ಆದರೆ ಅಪಾಯವಿರುವುದು ಉದ್ದದಲ್ಲಲ್ಲ, ಬುಡದ ದೂರದಲ್ಲಿ. ಅದೇ ಎತ್ತರಕ್ಕೆ 60 ಡಿಗ್ರಿಯಲ್ಲಿ ಒರಗಿಸಿದರೆ ಬುಡ ಸುಮಾರು 11.5 ಅಡಿ ಆಚೆ ಹೋಗುತ್ತದೆ, 23 ಅಡಿಯ ಏಣಿ ಬೇಕಾಗುತ್ತದೆ, ಬುಡವನ್ನು ಹೊರಕ್ಕೆ ಜಾರಿಸುವ ಬಲವೂ ಇಮ್ಮಡಿಗಿಂತ ಹೆಚ್ಚುತ್ತದೆ. ಹಾಗೆಂದು ತೀರಾ ನೆಟ್ಟಗೆ ನಿಲ್ಲಿಸುವುದೂ ತಪ್ಪು. ಹತ್ತಿದವನು ಸ್ವಲ್ಪ ಹಿಂದಕ್ಕೆ ವಾಲಿದರೂ ಏಣಿ ಮರ ಬಿಟ್ಟು ಬರುತ್ತದೆ. ಇಲ್ಲಿನ ಗುಡ್ಡದ ಇಳಿಜಾರಿನಲ್ಲಿ ಹೆಚ್ಚಾಗಿ ಲೆಕ್ಕ ತಪ್ಪುವುದು ಎತ್ತರ ಅಳೆಯುವಾಗ. ಎತ್ತರವನ್ನು ಮರದ ಬುಡದಿಂದಲ್ಲ, ಏಣಿಯ ಬುಡ ಊರುವ ಮಟ್ಟದಿಂದ ಅಳೆಯಬೇಕು. ಆ ಜಾಗ 1 ಅಡಿ ತಗ್ಗಿನಲ್ಲಿದ್ದರೆ ಎತ್ತರ 21, ದೂರ 5.25, ಉದ್ದ ಸುಮಾರು 21.6 ಅಡಿ. ಮರ ಗುಂಡಗಿರುವುದರಿಂದ ಓರೆ ಸರಿಯಿದ್ದರೂ ಏಣಿ ಪಕ್ಕಕ್ಕೆ ಹೊರಳಬಹುದು; ಮೇಲ್ತುದಿಯನ್ನು ಹಗ್ಗದಿಂದ ಮರಕ್ಕೆ ಕಟ್ಟಲೇಬೇಕು.