ಮರಗೆಣಸಿನ ಹಸಿ ಗೆಡ್ಡೆಯ ಪರೀಕ್ಷೆ

ಮರಗೆಣಸು ದಕ್ಷಿಣ ಅಮೆರಿಕ ಮೂಲದ ಗಿಡವಾಗಿದ್ದು, ಇದರ ಸಸ್ಯಶಾಸ್ತ್ರೀಯ ಹೆಸರು ಮಾನಿಹಾಟ್ ಎಸ್ಕುಲೆಂಟಾ. ಬೀದರ್, ಭಾಲ್ಕಿ ಮತ್ತು ಔರಾದ್‌ನ ಮನೆಗಳಿಗೆ ಇದು ಹೆಚ್ಚು ಪರಿಚಿತವಾಗಿರುವುದು ಉಪವಾಸದ ದಿನದ ಸಾಬೂದಾಣಿಯ ರೂಪದಲ್ಲಿ. ತಮಿಳುನಾಡಿನ ಸೇಲಂ ಸುತ್ತಮುತ್ತ ಈ ಗೆಡ್ಡೆಯ ಹಿಟ್ಟಿನಿಂದಲೇ ಸಾಬೂದಾಣಿಯನ್ನು ತಯಾರಿಸುತ್ತಾರೆ. ಸಾಬೂದಾಣಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಸಿ ಗೆಡ್ಡೆಯಾದರೋ ಕಿತ್ತ ಎರಡು ಮೂರು ದಿನಗಳಲ್ಲೇ ಕೆಡಲಾರಂಭಿಸುತ್ತದೆ. ಆದ್ದರಿಂದ ದಕ್ಷಿಣದ ಹೊಲಗಳಿಂದ ಬೀದರ್‌ನಷ್ಟು ದೂರಕ್ಕೆ ಬಂದ ಗೆಡ್ಡೆಯನ್ನು ಕತ್ತರಿಸಿ ನೋಡದೆ ಬಳಸುವುದು ಸೂಕ್ತವಲ್ಲ.

ಗೆರೆಗಳು ಮೂಡುವ ಕಾರಣ

ಕೀಳುವಾಗ ಗೆಡ್ಡೆಗೆ ತಗಲುವ ಗಾಯದಿಂದ ಕೆಡುವಿಕೆ ಆರಂಭವಾಗುತ್ತದೆ. ಗಾಯಗೊಂಡ ಅಂಗಾಂಶದಲ್ಲಿ ಸ್ಕೋಪೊಲೆಟಿನ್ ಎಂಬ ವಸ್ತು ಸಂಗ್ರಹವಾಗಿ, ಗಾಳಿಯ ಸಂಪರ್ಕದಲ್ಲಿ ಕಿಣ್ವಗಳ ಕ್ರಿಯೆಯಿಂದ ನೀಲಿಗಪ್ಪು ಬಣ್ಣಕ್ಕೆ ತಿರುಗುತ್ತದೆ. ಈ ಬಣ್ಣವು ನೀರನ್ನು ಸಾಗಿಸುವ ನಾಳಗಳುದ್ದಕ್ಕೂ ಹರಡುವುದರಿಂದ ಗೆರೆಗಳಂತೆ ಕಾಣುತ್ತದೆ. ಈ ಹಂತದಲ್ಲಿ ಸೂಕ್ಷ್ಮಜೀವಿಗಳ ಪಾತ್ರವಿರುವುದಿಲ್ಲ. ಅವುಗಳಿಂದಾಗುವ ಕೊಳೆತ ಸಾಮಾನ್ಯವಾಗಿ ಇನ್ನೂ ಕೆಲವು ದಿನಗಳ ನಂತರ ಕಾಣಿಸಿಕೊಳ್ಳುತ್ತದೆ.

ಪರೀಕ್ಷಿಸುವ ಕ್ರಮ

ತುದಿಯನ್ನಷ್ಟೇ ನೋಡಿ ನಿರ್ಧರಿಸಬಾರದು. ಎರಡೂ ತುದಿಗಳಿಂದ ಎರಡು ಬೆರಳಿನಷ್ಟನ್ನು ತೆಗೆದು, ನಂತರ ನಡುಭಾಗವನ್ನು ಅಡ್ಡಲಾಗಿ ಕತ್ತರಿಸಬೇಕು. ತಾಜಾ ಗೆಡ್ಡೆಯ ತಿರುಳು ಗಟ್ಟಿಯಾಗಿ, ತೇವದಿಂದ ಕೂಡಿ, ಒಂದೇ ಸಮನಾದ ಬಿಳಿ ಅಥವಾ ಕೆನೆ ಬಣ್ಣದಲ್ಲಿರುತ್ತದೆ. ಕೆಲವು ತಳಿಗಳಲ್ಲಿ ಹಳದಿಯಾಗಿರುವುದೂ ಉಂಟು. ಕೆಡುತ್ತಿರುವ ಗೆಡ್ಡೆಯಲ್ಲಿ ಸಿಪ್ಪೆಗೆ ಸಮೀಪದ ತಿರುಳಿನಲ್ಲಿ ನೀಲಿಗಪ್ಪು ಚುಕ್ಕೆಗಳು ಉಂಗುರದಂತೆ ಕಾಣುತ್ತವೆ. ಅದನ್ನೇ ಉದ್ದಕ್ಕೆ ಸೀಳಿದರೆ ಆ ಚುಕ್ಕೆಗಳು ಗೆರೆಗಳಾಗಿ ತೋರುತ್ತವೆ. ಉದಾಹರಣೆಗೆ, ತುದಿಯಲ್ಲಿ ಗೆರೆಗಳಿದ್ದು ನಡುಭಾಗ ಶುಭ್ರವಾಗಿದ್ದರೆ, ಕಲೆಯಾದ ಭಾಗವನ್ನು ಧಾರಾಳವಾಗಿ ತೆಗೆದು ಉಳಿದುದನ್ನು ಅದೇ ದಿನ ಬೇಯಿಸಬಹುದು. ನಡುಭಾಗದಲ್ಲೂ ಗೆರೆಗಳಿದ್ದರೆ ಬೇಯಿಸಿದ ಮೇಲೂ ತಿರುಳು ಗಡುಸಾಗಿ ಉಳಿದು, ರುಚಿ ಕೆಡುತ್ತದೆ. ಮೆದುವಾದ, ಹುಳಿ ವಾಸನೆಯ ಅಥವಾ ಬೂಷ್ಟು ಹಿಡಿದ ಗೆಡ್ಡೆಯನ್ನು ಎಸೆಯಬೇಕು.

ಕಹಿ ತಳಿಗಳ ವಿಷ

ಗೆರೆಗಳಿಲ್ಲವೆಂದ ಮಾತ್ರಕ್ಕೆ ಗೆಡ್ಡೆ ನಿರಪಾಯಕಾರಿ ಎನ್ನಲಾಗದು. ಮರಗೆಣಸಿನಲ್ಲಿ ಲಿನಮರಿನ್ ಎಂಬ ಸಯನೈಡ್‌ಯುಕ್ತ ಸಂಯುಕ್ತವಿರುತ್ತದೆ. ಅದು ವಿಭಜನೆಗೊಂಡಾಗ ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಸಿಹಿ ತಳಿಯ ಒಂದು ಕಿಲೋಗ್ರಾಂ ತಾಜಾ ಗೆಡ್ಡೆಯಲ್ಲಿ ಹೈಡ್ರೋಜನ್ ಸಯನೈಡ್ ಪ್ರಮಾಣ 50 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಕಹಿ ತಳಿಗಳಲ್ಲಿ ಇದು ಅದರ ಹಲವು ಪಟ್ಟು ಇರಬಹುದು. ಬರಗಾಲದಲ್ಲಿ ಬೆಳೆದ ಗಿಡದಲ್ಲಿ ಈ ಪ್ರಮಾಣ ಹೆಚ್ಚುತ್ತದೆ. ಸಿಪ್ಪೆಯಲ್ಲಿ ವಿಷವು ಸಾಮಾನ್ಯವಾಗಿ ತಿರುಳಿಗಿಂತ ಅಧಿಕ.

ಸಿಹಿ ತಳಿಯ ದಪ್ಪ ಸಿಪ್ಪೆಯನ್ನು ಪೂರ್ತಿಯಾಗಿ ತೆಗೆದು, ಸಣ್ಣ ಹೋಳುಗಳನ್ನು ಹೇರಳ ನೀರಿನಲ್ಲಿ ಮೆತ್ತಗೆ ಬೇಯಿಸಿ, ಆ ನೀರನ್ನು ಚೆಲ್ಲಬೇಕು. ಕಹಿ ತಳಿಗೆ ಇಷ್ಟು ಸಾಲದು. ಲಿನಮರಿನ್‌ಅನ್ನು ಒಡೆಯುವ ಕಿಣ್ವ ಗೆಡ್ಡೆಯಲ್ಲಿಯೇ ಇದ್ದರೂ, ಕುದಿಯುವ ನೀರಿನಲ್ಲಿ ಅದು ಬೇಗನೆ ನಾಶವಾಗುತ್ತದೆ; ಹೀಗಾಗಿ ವಿಷದ ಒಂದು ಭಾಗ ಹೋಳಿನೊಳಗೇ ಉಳಿಯುತ್ತದೆ. ಗೆಡ್ಡೆಯನ್ನು ತುರಿದಾಗ ಅಥವಾ ಹಲವು ದಿನ ನೀರಿನಲ್ಲಿ ನೆನೆಸಿದಾಗ ಮಾತ್ರ ಕಿಣ್ವಕ್ಕೆ ಕೆಲಸ ಮಾಡಲು ಅವಕಾಶ ದೊರೆಯುತ್ತದೆ. ಬಳಿಕ ರಸವನ್ನು ಹಿಂಡಿ ತೆಗೆದು, ಒಣಗಿಸಿ ಬೇಯಿಸುತ್ತಾರೆ. ಅಪರಿಚಿತ ಗೆಡ್ಡೆಯನ್ನು ಹಸಿಯಾಗಿ ತಿಂದು ಕಹಿಯನ್ನು ಪರೀಕ್ಷಿಸಬಾರದು. ಬೇಯಿಸಿದ ಮೇಲೂ ಕಹಿಯೆನಿಸಿದರೆ ಅದನ್ನು ಸೇವಿಸಬಾರದು.