ಮೌನ ಶಿಬಿರದ ಮೊದಲ ಮೂರು ದಿನ: ಏನಾಗುತ್ತದೆ, ಆಚಾರ್ಯರು ಏನು ಹೇಳುತ್ತಾರೆ?

ನಿಮ್ಮ ಮನೆಯಲ್ಲಿ ಯಾರಾದರೂ ಹತ್ತು ದಿನದ ವಿಪಶ್ಯನಾ ಶಿಬಿರಕ್ಕೆ ಹೊರಟಿದ್ದರೆ, ಅಥವಾ ನೀವೇ ಅರ್ಜಿ ಹಾಕಿದ್ದರೆ, ಮೊದಲು ಕೇಳಿಬರುವ ಪ್ರಶ್ನೆ ಒಂದೇ: ಹತ್ತು ದಿನ ಮಾತಾಡದೆ ಇರುವುದಕ್ಕೆ ಆಗುತ್ತದೆಯೇ? ಹೋಗಿ ಬಂದವರನ್ನು ಕೇಳಿದರೆ, ಮಾತು ಬಿಡುವುದು ಅಷ್ಟು ಕಷ್ಟವಾಗಲಿಲ್ಲ ಎಂದೇ ಹೆಚ್ಚಿನವರು ಹೇಳುತ್ತಾರೆ. ಮಾತು, ಫೋನ್, ಪುಸ್ತಕ ಎಲ್ಲ ಹೋದ ಮೇಲೆ ಒಳಗಿನಿಂದ ಏಳುವುದನ್ನು ತಡೆದುಕೊಳ್ಳುವುದೇ ಕಷ್ಟ. ಅದು ಜೋರಾಗಿ ಏಳುವುದು ಸಾಮಾನ್ಯವಾಗಿ ಮೊದಲ ಮೂರು ದಿನಗಳಲ್ಲಿ.

ಘಣಸೋಲಿ, ವಾಶಿ, ನೆರೂಳಿನ ಕಡೆಯ ಕನ್ನಡಿಗರಿಗೆ ಈ ಶಿಬಿರ ದೂರದ್ದೇನಲ್ಲ. ಸಿಬಿಡಿ ಬೇಲಾಪುರದ ಪಾರಸಿಕ್ ಗುಡ್ಡದ ಮೇಲೆ ಧಮ್ಮ ವಿಪುಲ ಎಂಬ ಕೇಂದ್ರವಿದೆ. ಇಗತ್ಪುರಿಯ ಧಮ್ಮಗಿರಿಗೆ ಕಸಾರಾ ಘಾಟಿ ದಾಟಿ ಹೋಗಬೇಕು. ಬೆಂಗಳೂರಿನ ಹತ್ತಿರ ಧಮ್ಮ ಪಫುಲ್ಲ ಇದೆ. ಇವೆಲ್ಲ ಎಸ್. ಎನ್. ಗೋಯೆಂಕಾ ಅವರ ಪರಂಪರೆಯ ಕೇಂದ್ರಗಳು. ಅವರು 1969ರಲ್ಲಿ ಬರ್ಮಾದಿಂದ ಬಂದು ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು. 2013ರಲ್ಲಿ ತೀರಿಕೊಂಡರು. ಇಂದಿಗೂ ಸೂಚನೆಗಳು ಅವರ ಧ್ವನಿಮುದ್ರಣದಲ್ಲೇ ಬರುತ್ತವೆ. ಎದುರಿಗೆ ಕುಳಿತು ನಿಮ್ಮನ್ನು ವಿಚಾರಿಸುವವರು ಸಹಾಯಕ ಆಚಾರ್ಯರು. ಶುಲ್ಕವಿಲ್ಲ, ಶಿಬಿರ ಮುಗಿದ ಮೇಲೆ ಇಷ್ಟವಿದ್ದವರು ದಾನ ಕೊಡುತ್ತಾರೆ.

ದಿನಚರಿ ಹೇಗಿರುತ್ತದೆ

ಬೆಳಿಗ್ಗೆ 4 ಗಂಟೆಗೆ ಗಂಟೆ ಬಾರಿಸುತ್ತದೆ. 4.30ಕ್ಕೆ ಧ್ಯಾನ ಶುರು. 6.30ಕ್ಕೆ ತಿಂಡಿ, 11ಕ್ಕೆ ಊಟ, ಸಂಜೆ 5ಕ್ಕೆ ಚಹಾ ಮತ್ತು ಸ್ವಲ್ಪ ಹಣ್ಣು. ರಾತ್ರಿ ಊಟವಿಲ್ಲ. 7 ಗಂಟೆಗೆ ಪ್ರವಚನ, 9.30ಕ್ಕೆ ದೀಪ ಆರಿಸುತ್ತಾರೆ. ಒಟ್ಟು ಹತ್ತು ಗಂಟೆಯಷ್ಟು ಕೂರುವುದಿರುತ್ತದೆ. ಮೌನವೆಂದರೆ ಇನ್ನೊಬ್ಬ ಸಾಧಕರೊಂದಿಗೆ ಮಾತು, ಸನ್ನೆ, ಚೀಟಿ ಯಾವುದೂ ಇಲ್ಲ. ಆದರೆ ಆಚಾರ್ಯರ ಜೊತೆ ಮಾತಾಡಬಹುದು, ಬಿಸಿನೀರು ಬೇಕು, ಮಾತ್ರೆ ಬೇಕು ಎಂದು ಸೇವಕರ ಜೊತೆಯೂ ಮಾತಾಡಬಹುದು. ಇದನ್ನು ಮರೆತು, ತೊಂದರೆಯಾದಾಗಲೂ ಬಾಯಿ ಮುಚ್ಚಿ ಕೂರುವವರಿದ್ದಾರೆ. ಹಾಗೆ ಮಾಡಬೇಡಿ.

ಮೊದಲ ಮೂರೂವರೆ ದಿನ ಮಾಡುವುದು ಆನಾಪಾನ ಮಾತ್ರ. ಮೊದಲ ದಿನ ಉಸಿರು ಬರುವುದು ಹೋಗುವುದು ಗೊತ್ತಾದರೆ ಸಾಕು. ಎರಡನೆಯ ದಿನ ಅದು ಮೂಗಿನ ಬಾಗಿಲಲ್ಲಿ ಎಲ್ಲಿ ತಾಗುತ್ತದೆ ಎಂದು ನೋಡಬೇಕು. ಮೂರನೆಯ ದಿನ ಮೂಗಿನ ಹೊಳ್ಳೆಯ ಕೆಳಗಿನಿಂದ ಮೇಲ್ತುಟಿಯವರೆಗಿನ ಸಣ್ಣ ಜಾಗದಲ್ಲಿ ತುರಿಕೆ, ಬಿಸಿ, ತಂಪು ಏನೇ ಆದರೂ ಗಮನಿಸಬೇಕು. ಮೈಯೆಲ್ಲಾ ಗಮನಿಸುವ ವಿಪಶ್ಯನೆ ಶುರುವಾಗುವುದು ನಾಲ್ಕನೆಯ ದಿನ ಮಧ್ಯಾಹ್ನ.

ಮೂರು ದಿನದ ಅನುಭವ

ಒಬ್ಬರ ಉದಾಹರಣೆ ತೆಗೆದುಕೊಳ್ಳೋಣ. ಇವರು ನಿಜವಾದ ಒಬ್ಬ ವ್ಯಕ್ತಿಯಲ್ಲ, ಹಲವರಲ್ಲಿ ಕಾಣುವುದನ್ನು ಸೇರಿಸಿ ಮಾಡಿದ ಚಿತ್ರ. ಘಣಸೋಲಿಯಲ್ಲಿರುವ 44 ವರ್ಷದ ಗೃಹಿಣಿ. ತವರು ಧಾರವಾಡ. ಎಂಟು ತಿಂಗಳ ಹಿಂದೆ ಅವ್ವ ಆಸ್ಪತ್ರೆಯಲ್ಲಿ ತೀರಿಕೊಂಡರು. ಓಡಾಟ, ತಿಥಿ, ಮಗನ ಪರೀಕ್ಷೆ ಇವುಗಳ ನಡುವೆ ಸರಿಯಾಗಿ ಅಳಲೂ ಆಗಿರಲಿಲ್ಲ. ದಿನಕ್ಕೆ ಐದಾರು ಕಪ್ ಚಹಾ ಕುಡಿಯುವ ರೂಢಿ.

ಮೊದಲ ದಿನ ಅವರಿಗೆ ನಿದ್ದೆಯೋ ನಿದ್ದೆ. ಕಣ್ಣು ಮುಚ್ಚಿದರೆ ತೂಕಡಿಕೆ, ತೆರೆದರೆ ಸೊಂಟ ಮತ್ತು ಮಂಡಿ ನೋವು. ಅಷ್ಟು ದಿನದ ದಣಿವು ಮೇಲೆ ಬರುತ್ತದೆ, ಅದರಲ್ಲಿ ಗಾಬರಿಪಡುವಂಥದ್ದೇನಿಲ್ಲ. ಈ ದಿನ ಅಲುಗಾಡದೆ ಕೂರಬೇಕೆಂಬ ನಿಯಮವೂ ಇಲ್ಲ. ಕಾಲು ಬದಲಿಸಬಹುದು, ಇನ್ನೊಂದು ದಿಂಬು ಕೇಳಬಹುದು, ಬೆನ್ನುನೋವಿದ್ದರೆ ಕುರ್ಚಿಯನ್ನೂ ಕೇಳಬಹುದು.

ಎರಡನೆಯ ದಿನ ತಲೆನೋವು ಶುರುವಾಯಿತು. ಚಹಾ ಐದಾರು ಕಪ್‌ನಿಂದ ಎರಡಕ್ಕೆ ಇಳಿದಾಗ ಹೀಗಾಗುವುದುಂಟು. ಚಹಾ ಕಾಫಿ ಕಡಿಮೆಯಾದರೆ ಅರ್ಧ ದಿನದಿಂದ ಒಂದು ದಿನದೊಳಗೆ ತಲೆನೋವು, ಸಿಡುಕು ಶುರುವಾಗಿ, ಒಂದೆರಡು ದಿನದಲ್ಲಿ ಜೋರಾಗಿ, ಆಮೇಲೆ ತಾನೇ ಇಳಿಯುತ್ತದೆ. ಹೊರಡುವ ಹತ್ತು ದಿನ ಮೊದಲೇ ಒಂದೊಂದು ಕಪ್ ಇಳಿಸುತ್ತ ಬಂದಿದ್ದರೆ ಈ ಕಾಟ ಅಷ್ಟಾಗಿ ಇರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಮನಸ್ಸಿನಲ್ಲಿ ಒಂದೇ ಲೆಕ್ಕ: ಮನೆಗೆ ಹೋಗಲು ಯಾವ ನೆಪ ಹೇಳಲಿ? ಪಕ್ಕದವರು ಕೆಮ್ಮಿದರೂ ಸಿಟ್ಟು. ಎರಡನೆಯ ದಿನ ಎದ್ದು ಹೋಗಬೇಕೆನಿಸುವುದು ಎಷ್ಟು ಸಾಮಾನ್ಯವೆಂದರೆ, ಹಳೆಯ ಸಾಧಕರು ಅದನ್ನು ಮೊದಲೇ ಹೇಳಿ ಕಳಿಸುತ್ತಾರೆ.

ಮೂರನೆಯ ದಿನ ಮಧ್ಯಾಹ್ನ 2.30ರ ಸಾಮೂಹಿಕ ಸಾಧನೆಯಲ್ಲಿ, ಉಸಿರು ನೋಡುತ್ತಿದ್ದ ಹಾಗೇ ಆಸ್ಪತ್ರೆಯ ಕಾರಿಡಾರು ಕಣ್ಣೆದುರು ಬಂತು. ಎದೆ ಬಿಗಿಯಿತು, ಕೈ ಬೆವರಿತು, ಅಳು ಉಕ್ಕಿತು. ಮೌನ ಹೊಸದಾಗಿ ದುಃಖ ಹುಟ್ಟಿಸಲಿಲ್ಲ. ಮನೆಯಲ್ಲಾದರೆ ಇಂಥ ನೆನಪು ಬಂದಾಗ ಕುಕ್ಕರ್ ಕೂಗುತ್ತದೆ, ಫೋನ್ ಬರುತ್ತದೆ, ಮನಸ್ಸು ಆ ಕಡೆ ಹೊರಳುತ್ತದೆ. ಇಲ್ಲಿ ಹೊರಳಲು ಜಾಗವೇ ಇಲ್ಲ.

ಆಚಾರ್ಯರು ಏನು ಮಾಡುತ್ತಾರೆ

ಆಚಾರ್ಯರನ್ನು ಒಬ್ಬರೇ ಕಾಣಲು ಮಧ್ಯಾಹ್ನ 12ರಿಂದ 1ರವರೆಗೆ ಅವಕಾಶವಿದೆ, ರಾತ್ರಿ 9ಕ್ಕೆ ಸಭಾಂಗಣದಲ್ಲಿ ಪ್ರಶ್ನೆ ಕೇಳಬಹುದು. ತಡೆಯಲಾಗದಿದ್ದರೆ ಯಾವ ಹೊತ್ತಿನಲ್ಲೂ ಸೇವಕರಿಗೆ ಹೇಳಿ. ನಮ್ಮ ಗೃಹಿಣಿ ಹೋದಾಗ ಮಹಿಳಾ ಆಚಾರ್ಯರು ಅವ್ವನ ಕಥೆಯನ್ನು ಬಿಡಿಸಿ ಕೇಳಲಿಲ್ಲ. ರಾತ್ರಿ ನಿದ್ದೆ ಬಂತೇ, ಊಟ ಸೇರುತ್ತಿದೆಯೇ, ಈ ಮೊದಲು ಹೀಗೆ ಗಾಬರಿಯಾದದ್ದುಂಟೇ, ಮಾತ್ರೆ ತೆಗೆದುಕೊಳ್ಳುತ್ತೀರಾ, ಈಗ ಉಸಿರು ಗೊತ್ತಾಗುತ್ತಿದೆಯೇ ಎಂದಷ್ಟೇ ಕೇಳಿದರು.

ಹೊಸಬರಿಗೆ ಇದು ಒರಟು ಎನಿಸಬಹುದು. ಆದರೆ ಆಚಾರ್ಯರು ಆಪ್ತಸಲಹೆಗಾರರಲ್ಲ. ನೆನಪಿನ ಕಥೆಯನ್ನು ಬೆಳೆಸದೆ, ಈ ಕ್ಷಣದಲ್ಲಿ ಮೈಯಲ್ಲಿ ಏನಾಗುತ್ತಿದೆ ಎಂಬುದಕ್ಕೆ ಸಾಧಕರನ್ನು ತರುವುದು ಅವರ ಕೆಲಸ. ಸೂಚನೆ ಇಷ್ಟೇ: ಅಳು ಬಂದರೆ ಬರಲಿ, ತಳ್ಳಬೇಡಿ, ಅದರ ಹಿಂದೆ ಓಡಲೂ ಬೇಡಿ. ಉಸಿರು ಕೈಗೆ ಸಿಗದಿದ್ದರೆ ಕೆಲವು ಉಸಿರನ್ನು ಬೇಕೆಂದೇ ಸ್ವಲ್ಪ ಜೋರಾಗಿ ಎಳೆದು ಬಿಡಿ, ಆಮೇಲೆ ಸಹಜ ಉಸಿರಿಗೆ ಮರಳಿ. ಅದೂ ಆಗದಿದ್ದರೆ ಕಣ್ಣು ತೆರೆಯಿರಿ, ಅಂಗೈ ಅಂಗಾಲಿನ ಸ್ಪರ್ಶದ ಮೇಲೆ ಗಮನವಿಡಿ. ಐದು ನಿಮಿಷ ಹೊರಗೆ ನಡೆದು ಬನ್ನಿ.

ಇದರ ಹಿಂದಿರುವ ತರ್ಕ ಸರಳ. ಗಮನವನ್ನು ಸಣ್ಣ ಜಾಗಕ್ಕೆ ಬಿಗಿಗೊಳಿಸಿದಷ್ಟೂ ಒಳಗಿನದು ದೊಡ್ಡದಾಗಿ ಕಾಣುತ್ತದೆ. ಕಣ್ಣು ತೆರೆದರೆ, ಕಾಲು ನೆಲಕ್ಕೆ ಊರಿದರೆ ಗಮನ ಹರಡಿ ತೀವ್ರತೆ ಇಳಿಯುತ್ತದೆ. ಭಾವನೆ ತಾಳುವಷ್ಟಿದ್ದರೆ ಅಲ್ಲೇ ಕೂರಿಸುತ್ತಾರೆ, ಮೀರಿದರೆ ಹಿಂದಕ್ಕೆ ಎಳೆಯುತ್ತಾರೆ. ಒಳ್ಳೆಯ ಆಚಾರ್ಯರು ಯಾರು ಎಂದು ನನ್ನನ್ನು ಕೇಳಿದರೆ, ಈ ಎರಡರ ವ್ಯತ್ಯಾಸ ತಿಳಿದವರು ಎನ್ನುತ್ತೇನೆ. ಈ ಗೃಹಿಣಿ ಆ ಸಂಜೆ ಕೋಣೆಯಲ್ಲಿ ಅತ್ತರು, ಪ್ರವಚನಕ್ಕೆ ಬಂದರು, ರಾತ್ರಿ ಐದು ಗಂಟೆ ಮಲಗಿದರು. ಬೆಳಿಗ್ಗೆ ಕಾರಿಡಾರು ಮತ್ತೆ ಬಂತು, ಆದರೆ ಎದೆ ಅಷ್ಟು ಬಿಗಿಯಲಿಲ್ಲ. ಅಲೆಯಂತೆ ಏರಿ ಇಳಿಯುವುದು, ನಡುವೆ ಊಟ ನಿದ್ದೆ ಇರುವುದು, ಇದು ತಾಳಬಲ್ಲ ಸ್ಥಿತಿಯ ಲಕ್ಷಣ.

ಯಾವಾಗ ನಿಲ್ಲಿಸಬೇಕು

ಎರಡು ರಾತ್ರಿ ನಿದ್ದೆಯೇ ಇಲ್ಲದೆ ದಣಿವೂ ಗೊತ್ತಾಗದಿದ್ದರೆ. ತನಗೆ ವಿಶೇಷ ಶಕ್ತಿ ಬಂದಿದೆ, ದೊಡ್ಡ ಕಾರ್ಯಕ್ಕೆ ಆರಿಸಲಾಗಿದೆ ಎನಿಸತೊಡಗಿದರೆ. ಇಲ್ಲದ ಧ್ವನಿ ಕೇಳಿದರೆ. ನಡೆದರೂ ಉಂಡರೂ ಸುತ್ತಲಿನದೆಲ್ಲ ನಿಜವಲ್ಲ ಎಂಬ ಭಾವ ಹೋಗದಿದ್ದರೆ. ಹಳೆಯ ದೌರ್ಜನ್ಯದ ನೆನಪಿನಲ್ಲಿ ತಾನೆಲ್ಲಿದ್ದೇನೆಂಬುದೇ ಮರೆತರೆ. ಸಾಯುವ ಯೋಚನೆ ಬಂದರೆ, ಇವು ಅಲೆಗಳಲ್ಲ. ಆಗ ಕಣ್ಣು ಮುಚ್ಚಿ ಇನ್ನೂ ಕೂರುವುದು ಬೆಂಕಿಗೆ ಎಣ್ಣೆ ಹೊಯ್ದಂತೆ. ಧ್ಯಾನ ನಿಲ್ಲಿಸಿ, ಆಚಾರ್ಯರಿಗೆ ಇದ್ದದ್ದು ಇದ್ದಂತೆ ಹೇಳಿ, ಮನೆಯವರನ್ನು ಕರೆಸಿಕೊಂಡು ವೈದ್ಯರನ್ನು ಕಾಣಬೇಕು. ಹತ್ತು ದಿನ ಇರುತ್ತೇನೆ ಎಂದು ಮಾತು ಕೊಟ್ಟಿರುತ್ತೀರಿ, ನಿಜ. ಹಾಗೆಂದು ಬಲವಂತವಾಗಿ ಹಿಡಿದಿಡುವ ಹಕ್ಕು ಯಾರಿಗೂ ಇಲ್ಲ.

ಇಂಥ ಅನುಭವಗಳನ್ನು ವೈದ್ಯಕೀಯ ಸಂಶೋಧನೆಯೂ ಗಮನಿಸಿದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಜಾರೆಡ್ ಲಿಂಡಾಲ್, ವಿಲೋಬಿ ಬ್ರಿಟನ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ಯಾನದಲ್ಲಿ ಕಷ್ಟ ಅನುಭವಿಸಿದ ಬೌದ್ಧ ಸಾಧಕರನ್ನೂ ಅವರ ಗುರುಗಳನ್ನೂ ವಿಚಾರಿಸಿದರು. ಭಯ, ನಿದ್ದೆಗೇಡು, ತನ್ನತನವೇ ಕಳೆದಂಥ ಭಾವನೆ ಇವುಗಳನ್ನು ಅಲ್ಲಿ ಬಿಡಿಸಿ ಬರೆದಿದ್ದಾರೆ. ಕಷ್ಟಪಟ್ಟವರನ್ನೇ ಆರಿಸಿ ಕೇಳಿದ್ದರಿಂದ, ಎಷ್ಟು ಜನರಿಗೆ ಹೀಗಾಗುತ್ತದೆ ಎಂದು ಅದರಿಂದ ಲೆಕ್ಕ ಹಾಕುವಂತಿಲ್ಲ.

ಸೈಕೋಸಿಸ್, ಬೈಪೋಲಾರ್ ಕಾಯಿಲೆ ಇದ್ದವರಿಗೆ, ಇತ್ತೀಚೆಗೆ ತೀವ್ರ ಖಿನ್ನತೆ ಅಥವಾ ಆತ್ಮಹತ್ಯೆಯ ಯತ್ನ ಆದವರಿಗೆ ಹತ್ತು ದಿನದ ಮೌನ ತಕ್ಕದ್ದಲ್ಲ. ಶಿಬಿರದ ನಿಯಮಾವಳಿಯಲ್ಲೂ ಗಂಭೀರ ಮಾನಸಿಕ ಕಾಯಿಲೆ ಇರುವವರಿಗೆ ಎಚ್ಚರಿಕೆ ಇದೆ, ಅರ್ಜಿಯಲ್ಲಿ ಕಾಯಿಲೆ, ಮಾತ್ರೆಗಳ ವಿವರ ಕೇಳುತ್ತಾರೆ. ಸೀಟು ಸಿಗಲಿಕ್ಕಿಲ್ಲ ಎಂದು ಅದನ್ನು ಮುಚ್ಚಿಡುವವರೇ ಮುಂದೆ ಹೆಚ್ಚು ತೊಂದರೆಗೆ ಸಿಗುವುದು. ಪ್ಯಾನಿಕ್ ಅಥವಾ ಉಬ್ಬಸ ಇದ್ದವರಲ್ಲಿ ಕೆಲವರಿಗೆ ಉಸಿರು ನೋಡುವುದೇ ಗಾಬರಿ ತರುತ್ತದೆ. ಅವರು ಮೊದಲು ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಕೂತು ನೋಡುವುದು ಒಳ್ಳೆಯದು. ಮಾತ್ರೆಗಳನ್ನು ಶಿಬಿರಕ್ಕೆಂದು ನಿಲ್ಲಿಸಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು, ಸಂಜೆ 5ರ ಹಣ್ಣಿನಿಂದ ಬೆಳಿಗ್ಗೆ 6.30ರ ತಿಂಡಿಯವರೆಗೆ ಸಕ್ಕರೆ ಇಳಿಯದಂತೆ ಡೋಸನ್ನು ವೈದ್ಯರ ಹತ್ತಿರ ಮೊದಲೇ ಹೊಂದಿಸಿಕೊಂಡು, ರಾತ್ರಿ ಏನಾದರೂ ತಿನ್ನಬೇಕಾಗುತ್ತದೆ ಎಂದು ಕೇಂದ್ರಕ್ಕೂ ತಿಳಿಸಿ. ಬೆವರು, ನಡುಕ, ಗಾಬರಿ ಸಕ್ಕರೆ ಇಳಿದಾಗಲೂ ಬರುತ್ತವೆ. ಅದನ್ನು ಭಾವನೆ ಎಂದುಕೊಂಡು ಕಣ್ಣು ಮುಚ್ಚಿ ಕೂರುವುದು ಅಪಾಯ.

ಮನೆಯವರಿಗೆ

ಶಿಬಿರದಲ್ಲಿ ಅವರ ಫೋನ್ ಅವರ ಬಳಿ ಇರುವುದಿಲ್ಲ. ಕೇಂದ್ರದ ಕಚೇರಿಯ ನಂಬರ್ ಬರೆದಿಟ್ಟುಕೊಳ್ಳಿ, ನಿಮ್ಮ ನಂಬರ್ ಅರ್ಜಿಯಲ್ಲಿ ಸರಿಯಾಗಿದೆಯೇ ನೋಡಿ. ಹತ್ತನೆಯ ದಿನ ಮೌನ ಮುಗಿದು, ಹನ್ನೊಂದರ ಬೆಳಿಗ್ಗೆ ಹೊರಡುತ್ತಾರೆ. ಅವತ್ತೇ ನೆಂಟರನ್ನು ಕರೆಯುವುದು, ಬ್ಯಾಂಕಿನ ಕೆಲಸ ಹಚ್ಚುವುದು ಬೇಡ. ಲೋಕಲ್ ರೈಲಿನ ಸದ್ದೇ ಅವರಿಗೆ ಜೋರಾಗಿ ಕೇಳಿಸುತ್ತಿರುತ್ತದೆ. ಮೊದಲ ವಾರ ನಿದ್ದೆಯನ್ನು ಗಮನಿಸಿ. ನಿದ್ದೆ ಕಡಿಮೆಯಾಗುತ್ತ ಮಾತು, ಖರ್ಚು, ಉತ್ಸಾಹ ಏರುತ್ತಿದ್ದರೆ ಅಥವಾ ಯಾರೊಂದಿಗೂ ಸೇರದೆ ಭಯಪಡುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.