ಮೊಬೈಲ್ ಫೋನಿನ ಸ್ಪೀಕರ್ ಧ್ವನಿ

ಮೊಬೈಲ್ ಫೋನಿನ ಸ್ಪೀಕರ್ ಎಂಬುದು ವಿದ್ಯುತ್ ಸಂಕೇತವನ್ನು ಶಬ್ದವಾಗಿ ಪರಿವರ್ತಿಸುವ, ಫೋನಿನೊಳಗೆ ಅಳವಡಿಸಲಾದ ಕಿರುಸಾಧನ. ಇದರಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಿದರೂ ಸಂಗೀತವು ತೆಳುವಾಗಿರುತ್ತದೆ. ಮಂದ್ರ ಧ್ವನಿಗಳು ಬಹುಮಟ್ಟಿಗೆ ಇಲ್ಲವಾಗುವುದೇ ಇದಕ್ಕೆ ಕಾರಣ.

== ಧ್ವನಿ ತೆಳುವಾಗಲು ಕಾರಣ ==
ಸ್ಪೀಕರಿನ ಪೊರೆಯು ಹಿಂದೆಮುಂದೆ ಚಲಿಸಿ ಗಾಳಿಯನ್ನು ತಳ್ಳುತ್ತದೆ. ಆವರ್ತನವು ಅರ್ಧಕ್ಕೆ ಇಳಿದಾಗ ಅಷ್ಟೇ ಶಬ್ದಮಟ್ಟವನ್ನು ಉಳಿಸಿಕೊಳ್ಳಲು ಪೊರೆಯು ನಾಲ್ಕು ಪಟ್ಟು ದೂರ ಚಲಿಸಬೇಕು. ಹೀಗಾಗಿ 800 ಹರ್ಟ್ಜ್ ಧ್ವನಿಗೆ ಹೋಲಿಸಿದರೆ 100 ಹರ್ಟ್ಜ್ ಧ್ವನಿಗೆ 64 ಪಟ್ಟು ಚಲನೆ ಬೇಕಾಗುತ್ತದೆ. ಫೋನಿನ ಪೊರೆ ಬಹಳ ಚಿಕ್ಕದು. ಅದಕ್ಕೆ ಚಲಿಸಲು ಒಂದು ಮಿಲಿಮೀಟರಿಗಿಂತಲೂ ಕಡಿಮೆ ಜಾಗವಿರುತ್ತದೆ. ಅದರ ಹಿಂದಿನ ಕಿರಿದಾದ ಗಾಳಿಕೋಣೆಯೂ ಸ್ಪ್ರಿಂಗಿನಂತೆ ಚಲನೆಯನ್ನು ತಡೆಯುತ್ತದೆ.

ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಉರುಮೆ ವಾದ್ಯದ ಧ್ವನಿಮುದ್ರಣದಲ್ಲಿ ಈ ವ್ಯತ್ಯಾಸವನ್ನು ಗುರುತಿಸಬಹುದು. ಚರ್ಮದ ಮೇಲೆ ಕೋಲನ್ನು ಉಜ್ಜಿದಾಗ ಹುಟ್ಟುವ ಗಂಭೀರ ನಾದವು ಫೋನಿನಲ್ಲಿ ಸೊರಗಿ, ಪೆಟ್ಟಿನ ಚುರುಕು ಶಬ್ದವಷ್ಟೇ ಮುಂದೆ ಬರುತ್ತದೆ. ಅದೇ ಮುದ್ರಣವನ್ನು ಇಯರ್‌ಫೋನಿನಲ್ಲಿ ಕೇಳಿದರೆ ನಾದವು ಮರಳುತ್ತದೆ. ಕಿವಿಯೊಳಗಿನ ಮುಚ್ಚಿದ, ಸಣ್ಣ ಜಾಗದಲ್ಲಿ ಒತ್ತಡವನ್ನು ಬದಲಿಸಲು ಅಲ್ಪ ಚಲನೆಯೇ ಸಾಕು. ಅಂದರೆ ಕೊರತೆ ಮುದ್ರಣದಲ್ಲಿಲ್ಲ, ಸ್ಪೀಕರಿನಲ್ಲಿದೆ.

== ಸ್ಟೀರಿಯೊ ಸ್ಪೀಕರ್ ==
ಅನೇಕ ಫೋನುಗಳಲ್ಲಿ ಕೆಳತುದಿಯ ಸ್ಪೀಕರಿನೊಂದಿಗೆ, ಕರೆ ಆಲಿಸುವ ಮೇಲ್ತುದಿಯ ಸ್ಪೀಕರ್ ಕೂಡ ಎರಡನೆಯದಾಗಿ ಕೆಲಸ ಮಾಡುತ್ತದೆ. 2016ರ ಐಫೋನ್ 7 ಇದಕ್ಕೊಂದು ಉದಾಹರಣೆ. ಫೋನನ್ನು ಅಡ್ಡಲಾಗಿ ಹಿಡಿದಾಗ ಎಡ ಮತ್ತು ಬಲ ಧ್ವನಿಗಳು ಬೇರೆಬೇರೆ ತುದಿಗಳಿಂದ ಬರುತ್ತವೆ. ಸ್ಪೀಕರುಗಳ ಅಂತರ ಸುಮಾರು 15 ಸೆಂಟಿಮೀಟರ್ ಇದ್ದರೆ, 40 ಸೆಂಟಿಮೀಟರ್ ದೂರದ ಕೇಳುಗನಿಗೆ ಅವುಗಳ ನಡುವೆ ಸುಮಾರು 21 ಡಿಗ್ರಿ ಕೋನವಿರುತ್ತದೆ. ಎರಡು ಮೀಟರ್ ದೂರದಲ್ಲಿ ಅದು ಸುಮಾರು 4 ಡಿಗ್ರಿಗೆ ಇಳಿಯುವುದರಿಂದ ಎಲ್ಲವೂ ಒಂದೇ ಕಡೆಯಿಂದ ಬಂದಂತೆ ತೋರುತ್ತದೆ. ಮೂಲ ವಿಡಿಯೊದ ಧ್ವನಿಯು ಸ್ಟೀರಿಯೊ ಆಗಿರದಿದ್ದರೆ ಹತ್ತಿರದಿಂದ ಕೇಳಿದರೂ ಎಡಬಲದ ಭೇದ ಸಿಗುವುದಿಲ್ಲ.

== ಫೋನನ್ನು ಇಡುವ ವಿಧಾನ ==
ಸ್ಪೀಕರಿನ ರಂಧ್ರಗಳು ಬೆರಳು, ಕವಚ ಅಥವಾ ಹಾಸಿಗೆಯಿಂದ ಮುಚ್ಚಿದರೆ ಮೊದಲು ತಾರಧ್ವನಿಗಳು ಮಂಕಾಗಿ ಮಾತು ಅಸ್ಪಷ್ಟವಾಗುತ್ತದೆ. ಗಟ್ಟಿಯಾದ ಮೇಜಿನ ಮೇಲೆ, ಗೋಡೆಗೆ ಸಮೀಪ, ರಂಧ್ರಗಳ ಮುಂದೆ ಸ್ವಲ್ಪ ಜಾಗ ಬಿಟ್ಟು ಇಟ್ಟರೆ ಹಿಂದಕ್ಕೆ ಹೋಗುವ ಶಬ್ದವೂ ಪ್ರತಿಫಲಿಸಿ ಕೇಳುಗನ ಕಡೆಗೆ ಬರುತ್ತದೆ. ಬಟ್ಟಲಿನಲ್ಲಿ ಇಟ್ಟಾಗ ಶಬ್ದ ಜೋರಾಗುವುದೂ ಪ್ರತಿಫಲನದಿಂದಲೇ. ಆದರೆ ಬಟ್ಟಲಿನ ಸ್ವಂತ ಅನುರಣನದಿಂದ ಕೆಲವು ಸ್ವರಗಳು ಮಾತ್ರ ಉಬ್ಬಿ, ಹಾಡು ಡಬ್ಬದೊಳಗಿನಿಂದ ಬಂದಂತೆ ಕೇಳಿಸಬಹುದು. ಇಂತಹ ಯಾವ ವ್ಯವಸ್ಥೆಯೂ ಪೊರೆ ಹುಟ್ಟಿಸದ ಮಂದ್ರನಾದವನ್ನು ಹೊಸದಾಗಿ ಸೃಷ್ಟಿಸಲಾರದು. ಅದಕ್ಕೆ ಇಯರ್‌ಫೋನ್ ಅಥವಾ ದೊಡ್ಡ ಪೊರೆಯ ಹೊರ ಸ್ಪೀಕರ್ ಅಗತ್ಯ.